ಬೆಲೆ ಹೇಳಿದರೆ ಮಾತು ಕೊಟ್ಟಂತಲ್ಲ: ಕರಾರು ಕಾನೂನಿನ ಸಮಸ್ಯೆಗಳಲ್ಲಿ ಆಹ್ವಾನವನ್ನು ಪ್ರಸ್ತಾವವೆಂದು ಬಗೆಯುವ ತಪ್ಪು

ಕರಾರು ಕಾನೂನಿನ ಪ್ರಶ್ನೆಪತ್ರಿಕೆಗಳಲ್ಲಿ ಒಂದೇ ಸಮಸ್ಯೆ ಬೇರೆ ಬೇರೆ ವೇಷ ತೊಟ್ಟು ಬರುತ್ತಲೇ ಇರುತ್ತದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಒಂದು ಕೈಗಡಿಯಾರ, ಅದಕ್ಕೆ ಅಂಟಿಸಿದ 500 ರೂಪಾಯಿಯ ಚೀಟಿ. ಗಿರಾಕಿ ಒಳಗೆ ಬಂದು ಹಣ ಮುಂದಿಟ್ಟು ಗಡಿಯಾರ ಕೇಳುತ್ತಾನೆ. ಚೀಟಿಯಲ್ಲಿ ಒಂದು ಸೊನ್ನೆ ಬಿಟ್ಟುಹೋಗಿದೆ, ಬೆಲೆ 5,000 ರೂಪಾಯಿ ಎಂದು ಅಂಗಡಿಯವರು ಕೊಡಲು ನಿರಾಕರಿಸುತ್ತಾರೆ. ಗಿರಾಕಿಗೆ ಕಾನೂನಿನಲ್ಲಿ ಏನು ಪರಿಹಾರವಿದೆ ಎಂಬುದು ಪ್ರಶ್ನೆ.

ಇದಕ್ಕೆ ಬರುವ ತಪ್ಪು ಉತ್ತರದ ನಡಿಗೆ ಹೀಗಿರುತ್ತದೆ. ಮೊದಲ ಪ್ಯಾರಾದಲ್ಲಿ ಪ್ರಸ್ತಾವ ಎಂದರೇನು, ಪ್ರಸ್ತಾವಕ್ಕೆ ಆಹ್ವಾನ ಎಂದರೇನು ಎಂಬ ವ್ಯಾಖ್ಯೆಗಳು ಸರಿಯಾಗಿಯೇ ಇರುತ್ತವೆ. ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಆ ವ್ಯಾಖ್ಯೆಗಳು ಮರೆತುಹೋಗಿ, ಅಂಗಡಿಯವರು 500 ರೂಪಾಯಿಗೆ ಮಾರುವ ಪ್ರಸ್ತಾವ ಮಾಡಿದ್ದಾರೆ, ಗಿರಾಕಿ ಹಣ ಮುಂದಿಟ್ಟು ಅದನ್ನು ಸ್ವೀಕರಿಸಿದ್ದಾನೆ, ಕರಾರು ಏರ್ಪಟ್ಟಿದೆ ಎಂಬ ಸಾಲು ಬಂದುಬಿಡುತ್ತದೆ. ಒಮ್ಮೆ ಅಷ್ಟು ಬರೆದ ಮೇಲೆ ಸೊನ್ನೆ ಬಿಟ್ಟುಹೋದ ಸಂಗತಿಗೆ ಎಲ್ಲಾದರೂ ಜಾಗ ಕೊಡಲೇಬೇಕಲ್ಲ? ಹಾಗಾಗಿ ಉತ್ತರ ತಪ್ಪುತಿಳಿವಳಿಕೆಯ ಅಧ್ಯಾಯಕ್ಕೆ ಜಿಗಿಯುತ್ತದೆ. ಒಬ್ಬ ಪಕ್ಷಕಾರನಷ್ಟೇ ಸಂಗತಿಯ ಬಗ್ಗೆ ತಪ್ಪು ತಿಳಿದಿದ್ದರೆ ಅಷ್ಟರಿಂದಲೇ ಕರಾರು ರದ್ದತಿಗೆ ಒಳಪಡುವುದಿಲ್ಲ ಎನ್ನುವ 22ನೇ ಕಲಂ ಅಲ್ಲಿ ಸಿಗುತ್ತದೆ. ಅದನ್ನು ಹಿಡಿದು, ಅಂಗಡಿಯವರು ಗಡಿಯಾರವನ್ನು 500 ರೂಪಾಯಿಗೇ ಕೊಡಬೇಕು ಎಂದು ಉತ್ತರ ಮುಗಿಯುತ್ತದೆ.

ಇಲ್ಲಿ 22ನೇ ಕಲಂ ಪ್ರಶ್ನೆಯೊಳಗೆ ಬರುವುದೇ ಇಲ್ಲ. ಕರಾರು ಹುಟ್ಟಿದ್ದರೆ ತಾನೇ ಅದರಲ್ಲಿ ತಪ್ಪುತಿಳಿವಳಿಕೆ ಇದೆಯೇ ಎಂದು ನೋಡುವುದು? ಈ ಲೇಖನದ ವಾದ ಇಷ್ಟು: ಆಹ್ವಾನವನ್ನು ಪ್ರಸ್ತಾವವೆಂದು ಕರೆಯುವುದು ಬರೀ ಹೆಸರಿನ ತಪ್ಪಲ್ಲ. ಆ ಒಂದು ಹೆಜ್ಜೆ ಜಾರಿದರೆ ಸ್ವೀಕರಿಸುವವರು ಯಾರು, ಹಿಂತೆಗೆಯುವ ಹಕ್ಕು ಯಾರದು, ಅದು ಎಷ್ಟು ಹೊತ್ತಿನವರೆಗೆ ಇರುತ್ತದೆ ಎಂಬುದೆಲ್ಲ ಅದಲುಬದಲಾಗುತ್ತದೆ. ಅದಲುಬದಲಾದದ್ದನ್ನು ಪತ್ತೆ ಮಾಡುವ ಸುಲಭ ದಾರಿಯೂ ಪ್ರಶ್ನೆಯೊಳಗೇ, ಅದು ಕೊಡುವ ದಿನಾಂಕ ಮತ್ತು ಗಂಟೆಗಳಲ್ಲೇ ಇರುತ್ತದೆ.

ಭಾರತೀಯ ಕರಾರು ಅಧಿನಿಯಮ, 1872ರಲ್ಲಿ ಪ್ರಸ್ತಾವಕ್ಕೆ ಆಹ್ವಾನ ಎಂಬುದರ ವ್ಯಾಖ್ಯೆಯೇ ಇಲ್ಲ. ಪ್ರಸ್ತಾವದ ವ್ಯಾಖ್ಯೆ ಮಾತ್ರ 2ನೇ ಕಲಮಿನ ‘ಎ’ ಖಂಡದಲ್ಲಿದೆ. ಏನನ್ನಾದರೂ ಮಾಡಲು ಅಥವಾ ಮಾಡದಿರಲು ತಾನು ಸಿದ್ಧನೆಂದು ಒಬ್ಬ ಇನ್ನೊಬ್ಬನಿಗೆ ತಿಳಿಸಬೇಕು, ಹಾಗೆ ತಿಳಿಸುವುದು ಆ ಇನ್ನೊಬ್ಬನ ಸಮ್ಮತಿ ಪಡೆಯುವ ಉದ್ದೇಶದಿಂದಿರಬೇಕು. ಸಿದ್ಧತೆಯನ್ನು ತಿಳಿಸುವುದು ಒಂದು ಭಾಗ, ಸಮ್ಮತಿಯನ್ನು ಅರಸುವುದು ಇನ್ನೊಂದು ಭಾಗ. ಎರಡೂ ಸೇರಿದರಷ್ಟೇ ಪ್ರಸ್ತಾವ. ಬೆಲೆಪಟ್ಟಿ ಹಂಚುವವರು, ಕಪಾಟಿನಲ್ಲಿ ಸರಕು ಜೋಡಿಸುವವರು, ಟೆಂಡರ್ ಕರೆಯುವವರು ಮಾತುಕತೆಗೆ ಬಾಗಿಲು ತೆರೆದಿರುತ್ತಾರೆ. ಎದುರಿನವರ ಒಂದು ‘ಆಯಿತು’ ತಮ್ಮನ್ನು ಕಟ್ಟಿಹಾಕಲಿ ಎಂದು ಅವರು ಒಪ್ಪಿರುವುದಿಲ್ಲ.

ಆದ್ದರಿಂದ ಉತ್ತರ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಎದುರಿನವರು ಈ ಕ್ಷಣ ‘ಆಯಿತು’ ಎಂದರೆ, ಮಾತಾಡಿದವರು ತೀರ್ಮಾನಿಸಲು ಇನ್ನೇನಾದರೂ ಉಳಿದಿದೆಯೇ? ಉಳಿದಿದ್ದರೆ ಅದು ಆಹ್ವಾನ. ಏನೂ ಉಳಿದಿಲ್ಲವಾದರೆ ಪ್ರಸ್ತಾವ. ಮಾತಾಡಿದವರ ಮನಸ್ಸಿನೊಳಗೆ ಏನಿತ್ತು ಎಂಬುದಕ್ಕಿಂತ, ಅವರ ಮಾತನ್ನೂ ನಡೆಯನ್ನೂ ವಿವೇಕವುಳ್ಳ ಒಬ್ಬ ಮನುಷ್ಯ ಹೇಗೆ ತಿಳಿಯುತ್ತಿದ್ದ ಎಂಬುದರ ಮೇಲೆ ಇದನ್ನು ನಿರ್ಧರಿಸಬೇಕು.

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಕೊಟ್ಟ ಹಳೆಯ ಉತ್ತರಗಳಲ್ಲೊಂದು ಕರ್ನಾಟಕದ ನೆಲದ್ದೇ ಆಗಿದೆ. ಕರ್ನಲ್ ಮ್ಯಾಕ್‌ಫರ್ಸನ್ ವಿರುದ್ಧ ಎಂ.ಎನ್. ಅಪ್ಪಣ್ಣ ಎಂಬ ಆ ಪ್ರಕರಣ 1951ರದು. ಕೊಡಗು ಆಗಿನ್ನೂ ಪ್ರತ್ಯೇಕ ರಾಜ್ಯ. ಮಡಿಕೇರಿಯಲ್ಲಿದ್ದ ‘ಮಾರ್ವೆನ್ ಲಾಡ್ಜ್’ ಎಂಬ ಬಂಗಲೆಯ ಮಾರಾಟದ ಮಾತುಕತೆ ಅದರ ವಸ್ತು. ಕೊಳ್ಳಬಯಸಿದವರು ಮಧ್ಯವರ್ತಿಯ ಮೂಲಕ ಬೆಲೆ ಹೇಳಿಕಳಿಸಿದರು. ಹತ್ತು ಸಾವಿರ ರೂಪಾಯಿಗಿಂತ ಕಡಿಮೆಗೆ ಒಪ್ಪುವುದಿಲ್ಲ ಎಂಬ ಅರ್ಥದ ತಂತಿ ಮಾಲೀಕರಿಂದ ಬಂತು. ಹತ್ತು ಸಾವಿರ ಕೊಡುತ್ತೇನೆ ಎಂದು ಕೊಳ್ಳುವವರು ತಿಳಿಸಿದರು. ವ್ಯವಹಾರ ಮುಂದುವರಿಯದೆ ಹೋದಾಗ, ಕರಾರು ಆಗಿದೆ, ಅದನ್ನು ನಡೆಸಿಕೊಡಬೇಕು ಎಂದು ದಾವೆ ಹೂಡಿದರು.

ಮೇಲ್ನೋಟಕ್ಕೆ ಕೊಳ್ಳುವವರ ವಾದ ಗಟ್ಟಿಯಾಗಿಯೇ ಕಾಣುತ್ತದೆ. ಮೊದಲು ಹೇಳಿದ ಬೆಲೆ ಪ್ರಸ್ತಾವ, ಹತ್ತು ಸಾವಿರವೆಂಬ ತಂತಿ ಪ್ರತಿಪ್ರಸ್ತಾವ, ಕೊನೆಯ ಒಪ್ಪಿಗೆ ಸ್ವೀಕಾರ. ಸರಪಳಿಯ ಮೂರೂ ಕೊಂಡಿ ಸಿಕ್ಕಂತಿದೆ. ಪರೀಕ್ಷೆಯಲ್ಲಿ ಇದೇ ಸಂಗತಿ ಕೊಟ್ಟರೆ ತುಂಬ ಉತ್ತರಗಳು ಹೀಗೆಯೇ ಬರುತ್ತವೆ, ಅದರಲ್ಲಿ ಅಚ್ಚರಿಯೇನಿಲ್ಲ. ಸುಪ್ರೀಂ ಕೋರ್ಟ್ ಆ ತಂತಿಯನ್ನು ಪ್ರತಿಪ್ರಸ್ತಾವವೆಂದು ಓದಲಿಲ್ಲ. ಇಷ್ಟಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ ಎಂದರೆ ಇಷ್ಟಕ್ಕೆ ನಿನಗೇ ಕೊಟ್ಟೆ ಎಂದಾಗುವುದಿಲ್ಲ. ಅದು ಮಾತುಕತೆಯ ಕೆಳಮಿತಿ ಗೊತ್ತುಮಾಡಿ, ಅದಕ್ಕೆ ಮೇಲಿನ ಪ್ರಸ್ತಾವಗಳಿಗೆ ಕರೆ ಕೊಟ್ಟ ಮಾತು. ಹತ್ತು ಸಾವಿರ ಕೊಡುತ್ತೇನೆ ಎಂದದ್ದೇ ಪ್ರಸ್ತಾವ, ಮಾಲೀಕರು ಅದನ್ನು ಸ್ವೀಕರಿಸಿರಲಿಲ್ಲ. ಮಾಲೀಕರ ಮೇಲ್ಮನವಿ ಗೆದ್ದಿತು.

ಕೋರ್ಟು ಇಲ್ಲಿ ಆಧಾರವಾಗಿ ಹಿಡಿದದ್ದು ಜಮೈಕಾದಿಂದ ಪ್ರಿವಿ ಕೌನ್ಸಿಲ್‌ಗೆ ಹೋಗಿದ್ದ ಹಾರ್ವೆ ವಿರುದ್ಧ ಫೇಸಿ ಪ್ರಕರಣವನ್ನು. ಬಂಪರ್ ಹಾಲ್ ಪೆನ್ ಎಂಬ ಆಸ್ತಿಯನ್ನು ಮಾರುತ್ತೀರಾ, ಕನಿಷ್ಠ ನಗದು ಬೆಲೆ ತಂತಿ ಮೂಲಕ ತಿಳಿಸಿ ಎಂದು ಹಾರ್ವೆ ಕಡೆಯವರು 1891ರಲ್ಲಿ ಫೇಸಿಗೆ ತಂತಿ ಕಳಿಸಿದರು. ಕನಿಷ್ಠ ಬೆಲೆ 900 ಪೌಂಡ್ ಎಂದಷ್ಟೇ ಫೇಸಿಯ ಮಾರುತ್ತರ ಬಂತು. ನೀವು ಕೇಳಿದ 900 ಪೌಂಡ್‌ಗೆ ಕೊಳ್ಳಲು ಒಪ್ಪಿದ್ದೇವೆ ಎಂದು ಹಾರ್ವೆ ಕಡೆಯವರು ಮತ್ತೆ ತಂತಿ ಕೊಟ್ಟರು. 1893ರಲ್ಲಿ ತೀರ್ಪು ಕೊಟ್ಟ ಪ್ರಿವಿ ಕೌನ್ಸಿಲ್ ಮೊದಲ ತಂತಿಯನ್ನು ಎರಡಾಗಿ ಬಿಡಿಸಿ ಓದಿತು. ಮಾರುತ್ತೀರಾ ಎಂಬುದು ಒಂದು ಪ್ರಶ್ನೆ, ಬೆಲೆ ಎಷ್ಟು ಎಂಬುದು ಇನ್ನೊಂದು. ಫೇಸಿ ಉತ್ತರಿಸಿದ್ದು ಎರಡನೆಯದಕ್ಕೆ ಮಾತ್ರ. ಮೊದಲನೆಯದರ ಬಗ್ಗೆ ಅವರು ಬಾಯಿಬಿಟ್ಟಿರಲಿಲ್ಲ. ಬೆಲೆ ತಿಳಿಸಿದ್ದರಿಂದ ಮಾರುವ ಮಾತನ್ನೂ ಕೊಟ್ಟರು ಎಂದು ಊಹಿಸಲು ಬರುವುದಿಲ್ಲ ಎಂದು ಕರಾರನ್ನು ತಳ್ಳಿಹಾಕಿತು.

ಈ ಎರಡನ್ನೂ ಬಾಯಿಪಾಠ ಮಾಡಿದ ವಿದ್ಯಾರ್ಥಿ ಬೆಲೆಯ ಮಾತೆಲ್ಲ ಆಹ್ವಾನವೇ ಎಂಬ ತೀರ್ಮಾನಕ್ಕೆ ಬರಬಹುದು. ಅದೂ ಸರಿಯಲ್ಲ. 1971ರ ಬಿಗ್ ವಿರುದ್ಧ ಬಾಯ್ಡ್ ಗಿಬ್ಬಿನ್ಸ್ ಪ್ರಕರಣದಲ್ಲಿ ಆಸ್ತಿಯ ಮಾಲೀಕರು, ಬೇಗ ಮಾರಾಟ ಮುಗಿಯುವುದಾದರೆ 26,000 ಪೌಂಡ್‌ಗೆ ಒಪ್ಪುತ್ತೇನೆ ಎಂದು ಬರೆದಿದ್ದರು. ಕೊಳ್ಳುವವರು ನಿಮ್ಮ ಪ್ರಸ್ತಾವವನ್ನು ಸ್ವೀಕರಿಸಿದ್ದೇವೆ ಎಂದು ಉತ್ತರಿಸಿದರು. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಕರಾರು ಏರ್ಪಟ್ಟಿದೆ ಎಂದಿತು. ಮಡಿಕೇರಿಯ ತಂತಿಗೂ ಈ ಪತ್ರಕ್ಕೂ ಇರುವ ದೂರವನ್ನು ಗಮನಿಸಬೇಕು. ತಂತಿ ಯಾವುದಕ್ಕೆ ಒಪ್ಪುವುದಿಲ್ಲ ಎಂದು ಹೇಳಿತು. ಪತ್ರ ಯಾವುದಕ್ಕೆ ಒಪ್ಪುತ್ತೇನೆ ಎಂದು ಹೇಳಿತು, ಅದೂ ಒಂದು ನಿರ್ದಿಷ್ಟ ಆಸ್ತಿಯ ಬಗ್ಗೆ, ಮೊದಲೇ ಚೌಕಾಸಿ ನಡೆಸಿದ್ದ ಒಬ್ಬ ನಿರ್ದಿಷ್ಟ ಗಿರಾಕಿಗೆ. ಸಮಸ್ಯೆಯಲ್ಲಿ ಕೊಟ್ಟಿರುವ ವಾಕ್ಯವನ್ನು ಪದಪದವಾಗಿ ಎತ್ತಿಕೊಂಡು ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಟ್ಟಿದೆ ಎಂದು ನೋಡದ ಉತ್ತರ ಈ ಎರಡರ ನಡುವೆ ಎತ್ತ ವಾಲಿದರೂ ಅದು ಬರೀ ಊಹೆ.

ಹೆಜ್ಜೆ ಜಾರಿದರೆ ಫಲಿತಾಂಶ ಎಷ್ಟು ಬದಲಾಗುತ್ತದೆ ಎಂಬುದನ್ನು ಒಂದು ಸಮಸ್ಯೆ ಬಿಡಿಸಿಯೇ ನೋಡಬಹುದು. ಪರೀಕ್ಷೆಯಲ್ಲಿ ಕೊಡಬಹುದಾದ ಕಲ್ಪಿತ ಸಂಗತಿ ಇದು. ಹುಬ್ಬಳ್ಳಿಯ ಒಂದು ಪೀಠೋಪಕರಣದ ಅಂಗಡಿ ಸೋಮವಾರ ಪತ್ರಿಕೆಯಲ್ಲಿ, ತೇಗದ ಊಟದ ಮೇಜು, 18,000 ರೂಪಾಯಿ ಎಂದು ಜಾಹೀರಾತು ಕೊಡುತ್ತದೆ. ಗದಗಿನ ರಮೇಶ ಮಂಗಳವಾರ ಅಂಗಡಿಗೆ ಪತ್ರ ಹಾಕುತ್ತಾನೆ: ‘ನಿಮ್ಮ ಜಾಹೀರಾತಿನ ಮೇಜನ್ನು 18,000 ರೂಪಾಯಿಗೆ ಕೊಳ್ಳಲು ಒಪ್ಪಿದ್ದೇನೆ.’ ಪತ್ರ ಬುಧವಾರ ಅಂಗಡಿಗೆ ತಲುಪುತ್ತದೆ. ಗುರುವಾರ ಬೆಳಿಗ್ಗೆ 10 ಗಂಟೆಗೆ ರಮೇಶ ಅಂಗಡಿಗೆ ಫೋನ್ ಮಾಡಿ, ಮೇಜು ಬೇಡ ಎನ್ನುತ್ತಾನೆ. ಅಂಗಡಿಯವರು ಅದಕ್ಕೆ ಒಪ್ಪದೆ, ಅದೇ ದಿನ 12 ಗಂಟೆಗೆ, ನಿಮ್ಮ ಖರೀದಿಯನ್ನು ಖಚಿತಪಡಿಸಿದ್ದೇವೆ ಎಂಬ ಪತ್ರವನ್ನು ಅಂಚೆಗೆ ಹಾಕುತ್ತಾರೆ. ರಮೇಶ ಬದ್ಧನೇ?

ತಪ್ಪು ದಾರಿಯಲ್ಲಿ ಹೋದರೆ ಲೆಕ್ಕ ಹೀಗೆ ಸಾಗುತ್ತದೆ. ಸೋಮವಾರದ ಜಾಹೀರಾತು ಪ್ರಸ್ತಾವ. ಮಂಗಳವಾರದ ಪತ್ರ ಸ್ವೀಕಾರ. 4ನೇ ಕಲಮಿನಂತೆ ಸ್ವೀಕಾರದ ತಿಳುವಳಿಕೆ ಪ್ರಸ್ತಾವ ಮಾಡಿದವರ ಮಟ್ಟಿಗೆ, ಸ್ವೀಕರಿಸಿದವನ ಕೈಮೀರಿ ರವಾನೆಯ ದಾರಿ ಹಿಡಿದಾಗಲೇ ಪೂರ್ತಿಯಾಗುತ್ತದೆ. ಅಂದರೆ ಮಂಗಳವಾರವೇ ಅಂಗಡಿ ಬದ್ಧ. ಸ್ವೀಕರಿಸಿದವನ ಮಟ್ಟಿಗೆ ಅದು ಪೂರ್ತಿಯಾಗುವುದು ಪ್ರಸ್ತಾವ ಮಾಡಿದವರ ಅರಿವಿಗೆ ಬಂದಾಗ. ಅಂದರೆ ಬುಧವಾರ ರಮೇಶನೂ ಬದ್ಧ. 5ನೇ ಕಲಮಿನಂತೆ ಸ್ವೀಕಾರವನ್ನು ಹಿಂತೆಗೆಯಲು ಅವನಿಗೆ ಬುಧವಾರದವರೆಗೆ ಮಾತ್ರ ಅವಕಾಶವಿತ್ತು. ಗುರುವಾರದ ಫೋನ್ ತಡವಾಯಿತು. ರಮೇಶ ಕರಾರು ಮುರಿದಿದ್ದಾನೆ.

ಸರಿಯಾದ ದಾರಿಯಲ್ಲಿ ಜಾಹೀರಾತು ಆಹ್ವಾನ. ರಮೇಶನ ಪತ್ರವೇ ಪ್ರಸ್ತಾವ. ಅವನು ಅದರಲ್ಲಿ ಒಪ್ಪಿದ್ದೇನೆ ಎಂದು ಬರೆದ ಮಾತ್ರಕ್ಕೆ ಅದು ಸ್ವೀಕಾರವಾಗುವುದಿಲ್ಲ, ಏಕೆಂದರೆ ಸ್ವೀಕರಿಸಲು ಎದುರಿಗೆ ಪ್ರಸ್ತಾವವೇ ಇರಲಿಲ್ಲ. ಆ ಪ್ರಸ್ತಾವ ಬುಧವಾರ ಅಂಗಡಿಯ ಅರಿವಿಗೆ ಬಂತು. ಇನ್ನು ಸ್ವೀಕರಿಸಬೇಕಾದವರು ಅಂಗಡಿಯವರು. ಅವರ ಸ್ವೀಕಾರ ಅಂಚೆಗೆ ಬೀಳುವ ಕ್ಷಣದವರೆಗೆ ಪ್ರಸ್ತಾವವನ್ನು ಹಿಂತೆಗೆಯುವ ಹಕ್ಕು ರಮೇಶನಿಗಿದೆ. ಅವನ ಫೋನ್ ಬಂದದ್ದು 10 ಗಂಟೆಗೆ, ಪತ್ರ ಅಂಚೆಗೆ ಬಿದ್ದದ್ದು 12 ಗಂಟೆಗೆ. ಫೋನಿನಲ್ಲಿ ಹೇಳಿದ್ದು ಆ ಕ್ಷಣವೇ ಅಂಗಡಿಯವರ ಅರಿವಿಗೆ ಬಂದುದರಿಂದ 10 ಗಂಟೆಗೇ ಪ್ರಸ್ತಾವ ಇಲ್ಲವಾಯಿತು. ಹನ್ನೆರಡು ಗಂಟೆಯ ಪತ್ರಕ್ಕೆ ಬೆಲೆಯಿಲ್ಲ. ರಮೇಶ ಬದ್ಧನಲ್ಲ.

ಒಂದೇ ಸಂಗತಿಯಿಂದ ತದ್ವಿರುದ್ಧವಾದ ಎರಡು ಫಲಿತಾಂಶಗಳು ಬಂದವು. ಫೋನ್ ಮಧ್ಯಾಹ್ನ 2 ಗಂಟೆಗೆ ಬಂದಿದ್ದರೆ ಎರಡೂ ದಾರಿಗಳು ಒಂದೇ ಕಡೆಗೆ, ರಮೇಶ ಬದ್ಧ ಎಂಬಲ್ಲಿಗೆ, ಬಂದು ಸೇರುತ್ತಿದ್ದವು. ಆಗ ತಪ್ಪು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಮೌಲ್ಯಮಾಪನದಲ್ಲಿ ಈ ತಪ್ಪು ಎಷ್ಟೋ ಸಲ ದಾಟಿಹೋಗುವುದು ಹೀಗೆಯೇ. ಅಂತಿಮ ಸಾಲು ಸರಿಯಿದ್ದರೆ ನಡುವಿನ ಹೆಜ್ಜೆಗಳನ್ನು ಯಾರೂ ಕೆದಕುವುದಿಲ್ಲ.

ಮೇಲಿನ ತಪ್ಪು ಉತ್ತರದಲ್ಲಿ ಇನ್ನೊಂದು ಗುರುತು ಇದೆ. ಅದು 10 ಗಂಟೆಯನ್ನೂ 12 ಗಂಟೆಯನ್ನೂ ಬಳಸಿಕೊಳ್ಳಲೇ ಇಲ್ಲ. ಬುಧವಾರಕ್ಕೇ ಎಲ್ಲ ಮುಗಿದಿದೆ ಎನ್ನುವ ಉತ್ತರಕ್ಕೆ ಗುರುವಾರದ ಗಂಟೆಗಳು ಬೇಕಾಗಿಲ್ಲ. ಪ್ರಶ್ನೆ ರಚಿಸಿದವರು ಸುಮ್ಮನೆ ಗಂಟೆ ನಮೂದಿಸುವುದಿಲ್ಲ. ತನ್ನ ಉತ್ತರದಲ್ಲಿ ಒಂದು ದಿನಾಂಕವೋ ಗಂಟೆಯೋ ಕೆಲಸವಿಲ್ಲದೆ ಉಳಿದಿದೆ ಎಂದು ಕಂಡರೆ, ವಿದ್ಯಾರ್ಥಿ ಹಿಂದಕ್ಕೆ ಹೋಗಿ ಪ್ರಸ್ತಾವವೆಂದು ತಾನು ಗುರುತಿಸಿದ ಮಾತನ್ನು ಮತ್ತೆ ಪರೀಕ್ಷಿಸಬೇಕು.

ಇನ್ನು ಕಪಾಟಿನ ಗಡಿಯಾರಕ್ಕೆ ಬರೋಣ. ಅಂಗಡಿಯ ಪ್ರದರ್ಶನ ಏಕೆ ಪ್ರಸ್ತಾವವಲ್ಲ ಎಂಬುದಕ್ಕೆ 1953ರ ಬೂಟ್ಸ್ ಪ್ರಕರಣವನ್ನು ಎಲ್ಲರೂ ಹೆಸರಿಸುತ್ತಾರೆ, ಅದರ ತರ್ಕವನ್ನು ಬರೆಯುವವರು ಕಡಿಮೆ. ಲಂಡನ್ ಬಳಿಯ ಎಜ್‌ವೇರ್‌ನಲ್ಲಿ ಬೂಟ್ಸ್ ಕಂಪನಿ ತನ್ನ ಔಷಧದ ಅಂಗಡಿಯನ್ನು ಗಿರಾಕಿಗಳೇ ಸರಕು ಎತ್ತಿಕೊಳ್ಳುವ ಮಾದರಿಗೆ ಬದಲಾಯಿಸಿತ್ತು. 1933ರ ಕಾನೂನಿನ ಪ್ರಕಾರ ಕೆಲವು ಔಷಧಗಳ ಮಾರಾಟ ನೋಂದಾಯಿತ ಔಷಧಜ್ಞರ ಉಸ್ತುವಾರಿಯಲ್ಲೇ ನಡೆಯಬೇಕಿತ್ತು. ಔಷಧಜ್ಞರು ಇದ್ದದ್ದು ಹಣ ಕಟ್ಟುವ ಜಾಗದ ಬಳಿ. ಕಪಾಟಿನಲ್ಲಿಟ್ಟದ್ದೇ ಪ್ರಸ್ತಾವವಾದರೆ, ಗಿರಾಕಿ ಬುಟ್ಟಿಗೆ ಹಾಕಿಕೊಂಡಾಗಲೇ ಮಾರಾಟ ಮುಗಿಯುತ್ತದೆ, ಔಷಧಜ್ಞರ ಉಸ್ತುವಾರಿಗೆ ಎಡೆಯೇ ಇಲ್ಲದಂತಾಗುತ್ತದೆ ಎಂಬುದು ದೂರು. ನ್ಯಾಯಾಲಯ ಆ ವಾದವನ್ನು ಅದರ ಕೊನೆಯವರೆಗೆ ಎಳೆದು ನೋಡಿತು. ಬುಟ್ಟಿಗೆ ಹಾಕಿದ ಕೂಡಲೇ ಕರಾರು ಆಗುವುದಾದರೆ, ಮುಂದಿನ ಕಪಾಟಿನಲ್ಲಿ ಇನ್ನೂ ಒಳ್ಳೆಯದನ್ನು ಕಂಡ ಗಿರಾಕಿ ಮೊದಲಿನದನ್ನು ವಾಪಸು ಇಡುವಂತಿಲ್ಲ, ಅದಕ್ಕೂ ಹಣ ಕೊಡಲೇಬೇಕು. ಯಾವ ಅಂಗಡಿಯೂ ಹಾಗೆ ನಡೆಯುವುದಿಲ್ಲ. ಗಿರಾಕಿ ಸರಕನ್ನು ಹಣ ಕಟ್ಟುವಲ್ಲಿಗೆ ತಂದಾಗ ಪ್ರಸ್ತಾವ, ಅಲ್ಲಿ ಅದನ್ನು ಒಪ್ಪಿಕೊಂಡಾಗ ಮಾರಾಟ. ಆಗ ಔಷಧಜ್ಞರು ಪಕ್ಕದಲ್ಲೇ ಇರುತ್ತಾರೆ.

ಗಿರಾಕಿಯನ್ನು ಕಾಪಾಡಬೇಕು ಎಂಬ ಒಳ್ಳೆಯ ಮನಸ್ಸಿನಿಂದಲೇ ಪ್ರದರ್ಶನವನ್ನು ಪ್ರಸ್ತಾವ ಎನ್ನುವ ವಿದ್ಯಾರ್ಥಿಗಳು ಬೂಟ್ಸ್‌ನ ಈ ಭಾಗವನ್ನು ಓದಬೇಕು. ಮನಸ್ಸು ಬದಲಾಯಿಸುವ ಗಿರಾಕಿಯ ಸ್ವಾತಂತ್ರ್ಯ ಉಳಿದಿರುವುದೇ ಕಪಾಟು ಬರೀ ಆಹ್ವಾನವಾಗಿರುವುದರಿಂದ.

ನಮ್ಮಲ್ಲಿ ಇದರ ಜೊತೆಗೆ ಇನ್ನೊಂದು ಗೊಂದಲ ಸೇರಿಕೊಳ್ಳುತ್ತದೆ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುವುದರಿಂದ ಅದು ಆ ಬೆಲೆಗೆ ಮಾರುತ್ತೇನೆ ಎಂಬ ಪ್ರಸ್ತಾವವೇ ಎಂದು ವಾದಿಸುವವರಿದ್ದಾರೆ. ಪೊಟ್ಟಣಗಳ ಮೇಲೆ ಆ ಬೆಲೆ ಇರಬೇಕೆಂಬುದು ಕಾನೂನು ಮಾಪನಶಾಸ್ತ್ರದ 2011ರ ನಿಯಮಗಳ ಕಟ್ಟಳೆ. ಅದು ಮೀರಬಾರದ ಮೇಲ್ಮಿತಿ. ಅಂಗಡಿಯವರು ಅದಕ್ಕಿಂತ ಹೆಚ್ಚು ಕೇಳಿದರೆ ತಪ್ಪಿತಸ್ಥರಾಗುತ್ತಾರೆ ನಿಜ. ಆದರೆ ಈ ಪೊಟ್ಟಣವನ್ನು ನಿನಗೆ ಮಾರಿಯೇ ಮಾರುತ್ತೇನೆ ಎಂಬ ಮಾತು ಆ ಅಚ್ಚಿನಲ್ಲಿಲ್ಲ.

ಈ ವಿಷಯದಲ್ಲಿ ಎಡವಿದವರು ವಿದ್ಯಾರ್ಥಿಗಳಷ್ಟೇ ಅಲ್ಲ. ಮ್ಯಾಂಚೆಸ್ಟರ್ ನಗರಸಭೆ ತನ್ನ ಮನೆಗಳನ್ನು ಬಾಡಿಗೆದಾರರಿಗೇ ಮಾರುವ ಯೋಜನೆ ಹಾಕಿಕೊಂಡಿತ್ತು. ಗಿಬ್ಸನ್ ಎಂಬ ಬಾಡಿಗೆದಾರರಿಗೆ 1971ರ ಫೆಬ್ರುವರಿಯಲ್ಲಿ ಬಂದ ಪತ್ರದಲ್ಲಿ, ಮನೆಯನ್ನು 2,180 ಪೌಂಡ್‌ಗೆ ಮಾರಲು ನಗರಸಭೆ ಸಿದ್ಧವಿರಬಹುದು ಎಂದಿತ್ತು, ವಿಧಿವತ್ತಾದ ಅರ್ಜಿ ಹಾಕಲು ಬಯಸಿದರೆ ಲಗತ್ತಿಸಿದ ನಮೂನೆಯನ್ನು ತುಂಬಿ ಎಂದೂ ಇತ್ತು. ಗಿಬ್ಸನ್ ಅರ್ಜಿ ಹಾಕಿದರು. ಮೇ ತಿಂಗಳ ಚುನಾವಣೆಯಲ್ಲಿ ಅಧಿಕಾರ ಬದಲಾಗಿ, ಕರಾರು ಪೂರ್ತಿಯಾಗದ ಮಾರಾಟಗಳನ್ನೆಲ್ಲ ಹೊಸ ಆಡಳಿತ ನಿಲ್ಲಿಸಿತು. ಕೆಳ ನ್ಯಾಯಾಲಯ ಗಿಬ್ಸನ್ ಪರವಾಗಿ ತೀರ್ಪು ಕೊಟ್ಟಿತು. ಮೇಲ್ಮನವಿ ನ್ಯಾಯಾಲಯದ ಬಹುಮತವೂ ಅವರ ಪರವೇ ಇತ್ತು. ಪ್ರಸ್ತಾವ ಯಾವುದು, ಸ್ವೀಕಾರ ಯಾವುದು ಎಂದು ಬಿಡಿಬಿಡಿಯಾಗಿ ಹುಡುಕಬೇಕಿಲ್ಲ, ಪತ್ರವ್ಯವಹಾರವನ್ನು ಇಡಿಯಾಗಿ ನೋಡಿದರೆ ಸಾಕು ಎಂಬುದು ಲಾರ್ಡ್ ಡೆನ್ನಿಂಗ್ ಅವರ ನಿಲುವು. 1979ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಒಪ್ಪಲಿಲ್ಲ. ಸಿದ್ಧವಿರಬಹುದು ಎನ್ನುವವರು ಇನ್ನೂ ಸಿದ್ಧರಾಗಿಲ್ಲ. ಅರ್ಜಿ ಹಾಕಿ ಎನ್ನುವವರು ಅರ್ಜಿಯನ್ನು ತಳ್ಳಿಹಾಕುವ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಗಿಬ್ಸನ್ ಅವರ ಮೇಲಿನ ಕನಿಕರಕ್ಕೆ ಕಾರಣಗಳು ಎಷ್ಟೇ ಇದ್ದರೂ, ಪತ್ರದ ಮಾತುಗಳನ್ನು ಓದಿದರೆ ಹೌಸ್ ಆಫ್ ಲಾರ್ಡ್ಸ್‌ನ ತೀರ್ಮಾನವೇ ಸರಿ.

ಇಷ್ಟೆಲ್ಲ ಹೇಳಿದ ಮೇಲೆ ಎದುರು ದಿಕ್ಕಿನ ತಪ್ಪಿನ ಬಗ್ಗೆಯೂ ಎಚ್ಚರಿಸಬೇಕು. ಜಾಹೀರಾತೆಂದರೆ ಆಹ್ವಾನ ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟುಬಿಡುವ ಉತ್ತರವೂ ಅಷ್ಟೇ ದುರ್ಬಲ. ಜಾಹೀರಾತನ್ನು ಸಾಮಾನ್ಯವಾಗಿ ಆಹ್ವಾನ ಎನ್ನುವುದಕ್ಕೆ ಒಂದು ಕಾರಣವಿದೆ. 1896ರ ಗ್ರೇಂಜರ್ ವಿರುದ್ಧ ಗಾಫ್ ಪ್ರಕರಣದಲ್ಲಿ ದ್ರಾಕ್ಷಾರಸದ ವ್ಯಾಪಾರಿಯ ಬೆಲೆಪಟ್ಟಿಯ ಬಗ್ಗೆ ಲಾರ್ಡ್ ಹರ್ಷೆಲ್ ಅದನ್ನು ವಿವರಿಸಿದರು. ಪಟ್ಟಿಯೇ ಪ್ರಸ್ತಾವವಾದರೆ ಬಂದ ಪ್ರತಿಯೊಂದು ಬೇಡಿಕೆಯೂ ಸ್ವೀಕಾರವಾಗುತ್ತದೆ. ದಾಸ್ತಾನು ಮುಗಿದರೂ ವ್ಯಾಪಾರಿ ಎಲ್ಲರಿಗೂ ಬದ್ಧನಾಗಬೇಕಾಗುತ್ತದೆ. ಕಾರಣ ಇದಾದರೆ, ಆ ಕಾರಣ ಅನ್ವಯಿಸದ ಕಡೆ ಜಾಹೀರಾತು ಪ್ರಸ್ತಾವವಾಗಬಹುದು.

ಅಮೆರಿಕದ ಮಿನೆಸೋಟದಲ್ಲಿ 1957ರಲ್ಲಿ ತೀರ್ಮಾನವಾದ ಲೆಫ್‌ಕೊವಿಟ್ಜ್ ಪ್ರಕರಣ ಅದಕ್ಕೆ ನೇರ ಉದಾಹರಣೆ. ಒಂದು ಅಂಗಡಿ, 139.50 ಡಾಲರ್ ಬೆಲೆಯ ತುಪ್ಪಳದ ಹೆಗಲುವಸ್ತ್ರ ಒಂದೇ ಒಂದು, ಒಂದು ಡಾಲರ್‌ಗೆ, ಮೊದಲು ಬಂದವರಿಗೆ ಎಂದು ಪತ್ರಿಕೆಯಲ್ಲಿ ಪ್ರಕಟಿಸಿತ್ತು. ಲೆಫ್‌ಕೊವಿಟ್ಜ್ ಮೊದಲಿಗರಾಗಿ ಬಂದು ಡಾಲರ್ ಮುಂದಿಟ್ಟರು. ಅದು ಹೆಂಗಸರಿಗೆ ಮಾತ್ರ ಎಂದು ಅಂಗಡಿ ಆಮೇಲೆ ಹೇಳಿತು. ಎಷ್ಟು ಸರಕು, ಏನು ಬೆಲೆ, ಯಾರಿಗೆ ಎಂಬುದೆಲ್ಲ ಜಾಹೀರಾತಿನಲ್ಲೇ ತೀರ್ಮಾನವಾಗಿತ್ತು, ಅಂಗಡಿಗೆ ನಿರ್ಧರಿಸಲು ಏನೂ ಉಳಿದಿರಲಿಲ್ಲ. ಹಾಗಾಗಿ ಅದು ಪ್ರಸ್ತಾವ, ಸ್ವೀಕಾರವಾದ ಮೇಲೆ ಹೊಸ ಷರತ್ತು ಸೇರಿಸಲು ಬಾರದು ಎಂದು ನ್ಯಾಯಾಲಯ ಹೇಳಿತು. ಲೆಫ್‌ಕೊವಿಟ್ಜ್ ಅವರಿಗೆ 138.50 ಡಾಲರ್ ಸಿಕ್ಕಿತು. ಕಾರ್ಲಿಲ್ ಪ್ರಕರಣದಲ್ಲಿ ಕಂಪನಿ 100 ಪೌಂಡ್ ಬಹುಮಾನ ಘೋಷಿಸಿ, ತನ್ನ ಮಾತಿನ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿದ್ದೇವೆ ಎಂದೂ ಹೇಳಿದ್ದು ಇದೇ ಸಾಲಿಗೆ ಸೇರುತ್ತದೆ. ಅಲ್ಲಿ ಹೇಳಿದಂತೆ ಔಷಧ ಬಳಸಿದ್ದೇ ಸ್ವೀಕಾರ. ನಮ್ಮ 8ನೇ ಕಲಂ ಹೇಳುವುದೂ ಅದನ್ನೇ: ಪ್ರಸ್ತಾವದ ಷರತ್ತುಗಳನ್ನು ನೆರವೇರಿಸಿದರೆ ಅದು ಸ್ವೀಕಾರ.

ಹರಾಜಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅಲ್ಲಿ ಶಾಸನವೇ ಉತ್ತರ ಕೊಟ್ಟಿದೆ. ಸರಕು ಮಾರಾಟ ಅಧಿನಿಯಮ, 1930ರ 64ನೇ ಕಲಮಿನ ಪ್ರಕಾರ ಸುತ್ತಿಗೆ ಬೀಳುವ ಮುನ್ನ ಸವಾಲು ಕೂಗಿದವರು ಅದನ್ನು ಹಿಂತೆಗೆಯಬಹುದು. ಸವಾಲೇ ಪ್ರಸ್ತಾವ, ಸುತ್ತಿಗೆಯೇ ಸ್ವೀಕಾರ. ಟೆಂಡರ್ ಸ್ವಲ್ಪ ಸೂಕ್ಷ್ಮ. ಟೆಂಡರ್ ಪ್ರಕಟಣೆ ಆಹ್ವಾನ, ಗುತ್ತಿಗೆದಾರರು ತುಂಬಿ ಕೊಡುವ ಟೆಂಡರ್ ಪ್ರಸ್ತಾವ ಎಂಬುದು ಸರಿ. ಆದರೆ ಅಷ್ಟಕ್ಕೆ ನಿಲ್ಲಿಸಿ, ಗುತ್ತಿಗೆದಾರರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಠೇವಣಿಯೂ ವಾಪಸು ಬರುತ್ತದೆ ಎಂದು ಬರೆದರೆ ತಪ್ಪು. ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಮತ್ತು ಗಂಗಾ ಎಂಟರ್‌ಪ್ರೈಸಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಈ ಎರಡನ್ನು ಬೇರ್ಪಡಿಸಿತು. ಸ್ವೀಕಾರಕ್ಕೆ ಮುನ್ನ ಟೆಂಡರ್ ಹಿಂತೆಗೆಯುವ ಹಕ್ಕು ಬೇರೆ, ನಿಗದಿತ ಅವಧಿಯೊಳಗೆ ಹಿಂತೆಗೆದರೆ ಠೇವಣಿ ಬಿಟ್ಟುಕೊಡುತ್ತೇನೆ ಎಂದು ಮೊದಲೇ ಒಪ್ಪಿದ ಷರತ್ತು ಬೇರೆ. ಹಕ್ಕನ್ನು ಚಲಾಯಿಸಬಹುದು, ಠೇವಣಿ ಮುಟ್ಟುಗೋಲಾಗಬಹುದು.

ಗಡಿಯಾರದ ಸಮಸ್ಯೆಗೆ ಸರಿಯಾದ ಉತ್ತರ ಈಗ ಚಿಕ್ಕದು. ಕಪಾಟಿನಲ್ಲಿ ಚೀಟಿ ಹಚ್ಚಿಟ್ಟದ್ದು ಆಹ್ವಾನ. ಹಣ ಮುಂದಿಟ್ಟ ಗಿರಾಕಿ ಪ್ರಸ್ತಾವ ಮಾಡಿದ. ಅಂಗಡಿಯವರು ಅದನ್ನು ಸ್ವೀಕರಿಸಲಿಲ್ಲ. ಕರಾರು ಇಲ್ಲ, 22ನೇ ಕಲಮಿನ ಮಾತೂ ಇಲ್ಲ. ಅಂಗಡಿಯವರು 500 ರೂಪಾಯಿ ತೆಗೆದುಕೊಂಡು ಗಡಿಯಾರ ಕಟ್ಟಿಕೊಟ್ಟು, ಸಂಜೆ ಲೆಕ್ಕ ನೋಡುವಾಗ ತಪ್ಪು ಕಂಡುಕೊಂಡಿದ್ದರೆ ಮಾತ್ರ ಆ ಕಲಮನ್ನು ತೆರೆಯಬೇಕಾಗುತ್ತಿತ್ತು.

ಗಿರಾಕಿ ಬರಿಗೈಯಲ್ಲಿ ಹೋಗಬೇಕೇ ಎಂದು ಕೇಳುವವರಿಗೆ ಉತ್ತರ ಇನ್ನೊಂದು ಶಾಸನದಲ್ಲಿದೆ. ಅಗ್ಗದ ಬೆಲೆಗೆ ಮಾರುವ ಉದ್ದೇಶವೇ ಇಲ್ಲದೆ ಅಗ್ಗದ ಬೆಲೆಯ ಜಾಹೀರಾತು ಕೊಡುವುದನ್ನು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ 2ನೇ ಕಲಂ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ದಾರಿತಪ್ಪಿಸುವ ಜಾಹೀರಾತಿನ ವಿರುದ್ಧ ಕ್ರಮ ಕೈಗೊಳ್ಳುವ ಅಧಿಕಾರವನ್ನು ಅದೇ ಅಧಿನಿಯಮ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ನಿಜವಾಗಿಯೂ ಕೈತಪ್ಪಿನಿಂದ ಸೊನ್ನೆ ಬಿಟ್ಟ ಅಂಗಡಿ ಇದರಡಿ ಸುಲಭವಾಗಿ ಬರುವುದಿಲ್ಲ. ಗಿರಾಕಿಗಳನ್ನು ಸೆಳೆಯಲೆಂದೇ ಸುಳ್ಳು ಬೆಲೆ ಹಾಕಿದ ಅಂಗಡಿ ಬರುತ್ತದೆ. ಮೋಸಹೋದ ಗಿರಾಕಿಗೆ ಸಹಾಯ ಮಾಡಬಯಸುವ ವಿದ್ಯಾರ್ಥಿ ಇಲ್ಲದ ಕರಾರನ್ನು ಕಟ್ಟುವ ಬದಲು ಈ ಎರಡು ಸಾಲು ಬರೆಯಲಿ. ಪ್ರಶ್ನೆ ರಚಿಸುವ ಅಧ್ಯಾಪಕರು, ಹತ್ತು ಗಂಟೆಯ ಫೋನೂ ಹನ್ನೆರಡು ಗಂಟೆಯ ಅಂಚೆಯೂ ಎರಡು ಬೇರೆ ಫಲಿತಾಂಶಗಳಿಗೆ ಒಯ್ಯುವಂಥ ಸಮಸ್ಯೆಗಳನ್ನೇ ಕೊಡಲಿ. ಅಂಕಗಳನ್ನು ಕೊನೆಯ ಸಾಲಿಗಿಂತ ಹೆಚ್ಚಾಗಿ ಪ್ರಸ್ತಾವವನ್ನು ಗುರುತಿಸಿದ ಹೆಜ್ಜೆಗೆ ಮೀಸಲಿಡಲಿ.